ಎರಡು ಕೋರ್ಸಿನ ಫೀ ಲೆಕ್ಕ

ಹಾವೇರಿ ಜಿಲ್ಲೆಯ ಮನೆಗಳಲ್ಲಿ ಜೂನ್ ಬಂತೆಂದರೆ ಕಾಲೇಜುಗಳ ಪ್ರಾಸ್ಪೆಕ್ಟಸ್ಸುಗಳು ಬಂದು ಕೂರುತ್ತವೆ. ಮುಖಪುಟ ಬಣ್ಣಬಣ್ಣದ್ದು, ಮುನ್ನುಡಿ ಕನ್ನಡದಲ್ಲಿ, ಫೀ ಪಟ್ಟಿ ಮಾತ್ರ ಇಂಗ್ಲಿಷಿನಲ್ಲಿ. ದುಡ್ಡು ಕಟ್ಟುವವರಿಗೆ ಅರ್ಥವಾಗದ ಪುಟವೆಂದರೆ ಅದೊಂದೇ. ಬ್ಯಾಡಗಿ ತಾಲೂಕಿನ ಒಬ್ಬ ರೈತ, ಪಿಯುಸಿ ವಿಜ್ಞಾನ ಮುಗಿಸಿದ ಮಗಳಿಗಾಗಿ ಎರಡು ಪ್ರಾಸ್ಪೆಕ್ಟಸ್ ಹಿಡಿದುಕೊಂಡು ಊರಿನ ಹೈಸ್ಕೂಲಿನ ಇಂಗ್ಲಿಷ್ ಅಕ್ಕಾರ ಮನೆಗೆ ಬಂದಿದ್ದಾನೆ. ಮುಂದಿನ ಮಾತಿನಲ್ಲಿ ಬರುವ ಕಾಲೇಜಿನ ಫೀ ಅಂಕಿಗಳು ಲೆಕ್ಕ ಸುಲಭವಾಗಲೆಂದು ಹಿಡಿದ ದುಂಡು ಅಂಕಿಗಳು, ಯಾವುದೇ ಒಂದು ಕಾಲೇಜಿನವಲ್ಲ. ಪಟ್ಟಿಯನ್ನು ಬರೆಯುವ ರೀತಿ ಮಾತ್ರ ನಮ್ಮ ಕಡೆ ಎಲ್ಲೆಲ್ಲೂ ಕಾಣುವಂಥದ್ದೇ.

ರೈತ: ಅಕ್ಕಾರ, ಇವೆರಡೂ ನೋಡ್ರಿ. ಇದು ಹಾವೇರಿದು, ಬಿಸಿಎ. ಇದು ರಾಣೆಬೆನ್ನೂರಿಂದು, ಬಿಎಸ್ಸಿ ನರ್ಸಿಂಗ್. ಮಗಳಿಗೆ ಎರಡರ ಮ್ಯಾಲೂ ಮನಸೈತಿ. ಕೆಳಗಿನ ಮೊತ್ತ ಅಷ್ಟ ನನಗ ತಿಳೀತು. ಬಿಸಿಎಕ್ಕ 24,500, ನರ್ಸಿಂಗಿಗೆ 98,000. ಬಿಸಿಎ ಮೂರು ವರ್ಷ, ನರ್ಸಿಂಗ್ ನಾಕು ವರ್ಷ. 24,500 ಮೂರ್ಲೆ 73,500 ಆತು. 98,000 ನಾಕ್ಲೆ 3,92,000 ಆತು. ಇಷ್ಟ ಹೌದಲ್ರಿ?

ಅಕ್ಕಾರು: ಗುಣಾಕಾರ ಹೌದು ಅಣ್ಣಾರ, ಲೆಕ್ಕ ಅಲ್ಲ. ಈ ಕೆಳಗಿನ ಮೊತ್ತ ಐತಲ್ಲ, ಇದು ಕೋರ್ಸಿನ ಖರ್ಚಲ್ಲ, ಒಂದು ವರ್ಷದ ಖರ್ಚೂ ಅಲ್ಲ. ಪ್ರವೇಶದ ದಿನ ಕೌಂಟರಿನಾಗ ಕಟ್ಟೋ ರೊಕ್ಕ ಇದು. ಅದನ್ನ ವರ್ಷದಲೆ ಗುಣಿಸಿದ್ರ ಕೆಲವು ಕಡೆ ಜಾಸ್ತಿ ಬರತೈತಿ, ಕೆಲವು ಕಡೆ ಕಡಿಮಿ ಬರತೈತಿ. ಮೊದಲ ಎರಡೂ ಪಟ್ಟಿ ಕನ್ನಡಕ್ಕ ತರೋಣ. ಒಂದು ದೊಡ್ಡ ಹಾಳಿ ಕೊಡ್ರಿ.

ರೈತ: ಹಾಳಿ ಹಿಡೀರಿ. ಆದ್ರ ಹೆಸರಷ್ಟ ಕನ್ನಡದಾಗ ಬರದ್ರ ನನಗೇನು ತಿಳಿದೀತು? ಈಗ ನೋಡ್ರಿ, ಟ್ಯೂಷನ್ ಫೀ ಅಂದ್ರ ಬೋಧನಾ ಶುಲ್ಕ ಅಂತ ಮಗಳು ಹೇಳಿದ್ಲು. ತಿಳೀತು. ಮುಂದ?

ಅಕ್ಕಾರು: ಅದಕ್ಕ ಹೆಸರಿನ ಮುಂದ ಮೂರು ಖಾನೆ ಹಾಕತೀನಿ. ಈ ರೊಕ್ಕ ಎಷ್ಟು ಸಲ ಕಟ್ಟಬೇಕು. ಯಾರಿಗೆ ಹೋಗತೈತಿ, ಕಾಲೇಜಿಗೋ ವಿಶ್ವವಿದ್ಯಾಲಯಕ್ಕೋ ಅಂಗಡಿಯವರಿಗೋ. ಮತ್ತ ಕೊನೀಗೆ ತಿರುಗಿ ಬರತೈತೋ ಇಲ್ಲೋ. ಈ ಮೂರು ಖಾನೆ ತುಂಬಿದ ಸಾಲು ಅಷ್ಟ ಪೂರಾ ಅನುವಾದ ಆದಂಗ. ಬರೇ ಹೆಸರು ಬದಲಿ ಮಾಡಿದ್ರ ಇಂಗ್ಲಿಷಿನ ಗೊಂದಲ ಕನ್ನಡಕ್ಕ ಬಂದು ಕುಂದರತೈತಿ, ಅಷ್ಟ.

ರೈತ: ಮೆಣಸಿನಕಾಯಿ ಮಾರಿದಾಗ ದಲಾಲಿ ಅಂಗಡ್ಯಾಗ ಪಟ್ಟಿ ಕೊಡ್ತಾರಲ್ರಿ, ಹಂಗ ಅನ್ರಿ. ಯಾವ ಬಾಬ್ತು ಯಾರಿಗೆ ಹೋತು ಅಂತ ಒಂದೊಂದ ಸಾಲು ಕೇಳಿ ಬರ್ತೀವಿ ನಾವು.

ಅಕ್ಕಾರು: ಅದ ಕಣ್ಣಿಲೆ ಇದನ್ನೂ ನೋಡ್ರಿ. ಬಿಸಿಎ ಹಿಡಿಯೋಣ. ಮೊದಲನೇ ಸಾಲು ಪ್ರವೇಶ ಶುಲ್ಕ, 2,000. ಮುಂದ 'ಒನ್ ಟೈಮ್' ಅಂತ ಬರದಾರ. ಅಂದ್ರ ಮೂರು ವರ್ಷಕ್ಕ ಸೇರಿ ಒಮ್ಮೆ ಮಾತ್ರ. ಎರಡನೇದು ಬೋಧನಾ ಶುಲ್ಕ, 14,000. ಅದರ ಮುಂದ ಏನೈತಿ ಓದ್ರಿ, ಸಣ್ಣ ಅಕ್ಷರದಾಗ.

ರೈತ: 'ಪರ್ ಸೆಮ್' ಅಂತ ಐತ್ರಿ.

ಅಕ್ಕಾರು: ಸೆಮಿಸ್ಟರಿಗೆ. ವರ್ಷಕ್ಕ ಎರಡು ಸೆಮಿಸ್ಟರ್, ಮೂರು ವರ್ಷಕ್ಕ ಆರು. ನೀವು ಮೂರ್ಲೆ ಗುಣಿಸಿದ್ರಿ, ಇದನ್ನ ಆರ್ಲೆ ಗುಣಿಸಬೇಕು. 14,000 ಆರ್ಲೆ 84,000. ಇದೊಂದ ಸಾಲು ನಿಮ್ಮ 73,500ನ್ನ ದಾಟಿ ಹೋತು.

ರೈತ: ಅರೆ! ಹಂಗಾದ್ರ ಈ ನರ್ಸಿಂಗಿನ ಪಟ್ಟಿಯೊಳಗ?

ಅಕ್ಕಾರು: ಅಲ್ಲೆ 60,000, ಮುಂದ 'ಪರ್ ಆನಮ್' ಅಂತೈತಿ, ವರ್ಷಕ್ಕ ಅಂತ. ಮೋಸ ಯಾರೂ ಮಾಡಿಲ್ಲ ಅಣ್ಣಾರ. ಇಬ್ಬರೂ ಬರದಾರ. ಒಬ್ಬರು ಸೆಮಿಸ್ಟರಿನ ಲೆಕ್ಕ ಕೊಟ್ಟಾರ, ಇನ್ನೊಬ್ಬರು ವರ್ಷದ ಲೆಕ್ಕ ಕೊಟ್ಟಾರ. ಎರಡೂ ಮೊತ್ತ ಪಕ್ಕಪಕ್ಕ ಇಟ್ಟು ನೋಡಿದ ಕೂಡಲೆ ತಪ್ಪಾಗತೈತಿ. ಅದಕ್ಕ ನಾನು ಪ್ರತಿ ಸಾಲನ್ನೂ ಇಡೀ ಕೋರ್ಸಿನ ಅಂಕಿ ಮಾಡಿ ಬರೀತೀನಿ. ಸೆಮಿಸ್ಟರಿಂದಿದ್ರ ಆರ್ಲೆ ಇಲ್ಲಾ ಎಂಟ್ಲೆ, ವರ್ಷದ್ದಿದ್ರ ಮೂರ್ಲೆ ಇಲ್ಲಾ ನಾಕ್ಲೆ, ಒಮ್ಮೆಯದಿದ್ರ ಹಂಗ.

ರೈತ: ತಡೀರಿ ಅಕ್ಕಾರ. ಬಿಸಿಎ ಮೂರು ವರ್ಷ ಅಂತೀರಿ, ಈ ಪುಸ್ತಕದ ಒಳಗ ಒಂದು ಕಡೆ ಮೂರು, ಇನ್ನೊಂದು ಕಡೆ ನಾಕು ಅಂತ ಹಾಕ್ಯಾರ. ಮಗಳು ತೋರಿಸಿದ್ಲು.

ಅಕ್ಕಾರು: ಹಳೆ ಪುಟ ಹಂಗ ಮರುಮುದ್ರಣ ಮಾಡ್ಯಾರ ಅನ್ನಸತೈತಿ. ನಡುವ ರಾಷ್ಟ್ರೀಯ ಶಿಕ್ಷಣ ನೀತಿ ಪ್ರಕಾರ ನಾಕು ವರ್ಷದ ಆನರ್ಸ್ ಪದವಿ ಬಂದಿತ್ತು. 2024ರ ಮೇ ತಿಂಗಳಾಗ ರಾಜ್ಯ ಸರ್ಕಾರ ಆದೇಶ ಹೊರಡಿಸಿ, 2024-25ರಿಂದ ಸೇರೋರಿಗೆ ತಿರುಗಿ ಮೂರು ವರ್ಷದ ಪದವಿ ತಂತು. ಹಾವೇರಿ ವಿಶ್ವವಿದ್ಯಾಲಯದ ಕೆಳಗಿನ ಕಾಲೇಜಿಗೂ ಅದ ಲೆಕ್ಕ. ಆದ್ರೂ ಕಾಲೇಜಿನ ಕಚೇರ್ಯಾಗ ಒಂದು ಮಾತು ಕೇಳಿ ಖಾತ್ರಿ ಮಾಡ್ಕೊಳ್ರಿ, ಯಾಕಂದ್ರ ಒಂದು ವರ್ಷ ಹೆಚ್ಚಾದ್ರ ಎರಡು ಸೆಮಿಸ್ಟರಿನ ರೊಕ್ಕ ಹೆಚ್ಚಾಗತೈತಿ. ನರ್ಸಿಂಗಿನಾಗ ಆ ಗೊಂದಲ ಇಲ್ಲ. ಭಾರತೀಯ ನರ್ಸಿಂಗ್ ಪರಿಷತ್ತಿನ ಹೊಸ ಪಠ್ಯಕ್ರಮದ ಪ್ರಕಾರ ನಾಕು ವರ್ಷ, ಎಂಟು ಸೆಮಿಸ್ಟರ್. ಪರೀಕ್ಷೆ ನಡಸೋರು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದವರು.

ರೈತ: ಹಂಗಾರ ಮುಂದಿನ ಸಾಲು.

ಅಕ್ಕಾರು: ಬಿಸಿಎದ ಪ್ರಯೋಗಾಲಯ ಮತ್ತು ಗ್ರಂಥಾಲಯ, ವರ್ಷಕ್ಕ 4,000. ಮೂರು ವರ್ಷಕ್ಕ 12,000. ವಿಶ್ವವಿದ್ಯಾಲಯದ ನೋಂದಣಿ, ಒಮ್ಮೆ, 1,500. ಆಮ್ಯಾಲೆ ಕಾಷನ್ ಡಿಪಾಜಿಟ್, 3,000. ಇದು ಶುಲ್ಕ ಅಲ್ಲ, ಠೇವಣಿ. ಕೋರ್ಸು ಮುಗಿಸಿ, ಗ್ರಂಥಾಲಯದ ಪುಸ್ತಕ ತಿರುಗಿ ಕೊಟ್ಟು, ಬಾಕಿ ಇಲ್ಲ ಅನ್ನೋ ಚೀಟಿ ತಗೊಂಡ ಮ್ಯಾಲೆ ವಾಪಸ್ ಬರಬೇಕಾದ ರೊಕ್ಕ. ಇದನ್ನ ಖರ್ಚಿನ ಮೊತ್ತಕ್ಕ ಸೇರಿಸೋದಿಲ್ಲ, ಬ್ಯಾರೆ ಇಡ್ತೀನಿ. ಆದ್ರ ರಸೀದಿ ಹೋದ್ರ ಈ ರೊಕ್ಕ ಬರೋದು ಕಷ್ಟ, ಅದಕ್ಕ ರಸೀದಿಯ ಫೋಟೊ ತಗೊಂಡು ಇಟ್ಕೊಳ್ರಿ. ನಮ್ಮ ಕಡೆ ಎಷ್ಟೋ ಮಂದಿ ಟಿಸಿ ತಗೊಂಡು ಹೋಗ್ತಾರ, ಠೇವಣಿ ಕೇಳೋದ ಮರೀತಾರ.

ರೈತ: ಪಟ್ಟಿ ಮುಗೀತಲ್ರಿ?

ಅಕ್ಕಾರು: ಇಲ್ಲ. ಪರೀಕ್ಷಾ ಶುಲ್ಕದ ಮುಂದ ಅಂಕಿ ಇಲ್ಲ ನೋಡ್ರಿ. 'ಆಸ್ ಪರ್ ಯೂನಿವರ್ಸಿಟಿ' ಅಂತ ಬರದಾರ. ವಿಶ್ವವಿದ್ಯಾಲಯ ಹೇಳಿದಷ್ಟು. ಅಂಕಿ ಇಲ್ಲದ್ದಕ್ಕ ಅದು ಮೊತ್ತದಾಗ ಸೇರಿಲ್ಲ. ಇನ್ನೊಂದು ಮಾತು 'ಅಟ್ ಆಕ್ಚುವಲ್ಸ್' ಅಂತ ಬರತೈತಿ, ಆದಷ್ಟು ಖರ್ಚು ನಿಮ್ಮದ ಅಂತ. ಇಂಥ ಸಾಲು ಬಂದಾಗ ಖಾನೆ ಖಾಲಿ ಬಿಡಬಾರದು. ಈಗ ಎರಡನೇ ವರ್ಷದಾಗ ಓದೋ ಹುಡುಗರನ್ನ ಕೇಳಿ, ಹೋದ ಸೆಮಿಸ್ಟರಿಗೆ ಎಷ್ಟು ಕಟ್ಟಿದ್ರಿ ಅಂತ, ಅವರ ರಸೀದಿ ನೋಡಿ ಬರೀಬೇಕು. ಸದ್ಯಕ್ಕ ಬಿಸಿಎಕ್ಕ ಸೆಮಿಸ್ಟರಿಗೆ 2,000 ಹಿಡಿಯೋಣ. ಆರ್ಲೆ 12,000.

ರೈತ: ಕೂಡಿಸ್ರಿ.

ಅಕ್ಕಾರು: 84,000, 12,000, ಪ್ರವೇಶಕ್ಕ 2,000, ನೋಂದಣಿಗೆ 1,500, ಪರೀಕ್ಷೆಗೆ 12,000. ಒಟ್ಟು 1,11,500. ಠೇವಣಿ 3,000 ಬ್ಯಾರೆ. ಕಾಲೇಜಿಗೂ ವಿಶ್ವವಿದ್ಯಾಲಯಕ್ಕೂ ಕಟ್ಟೋದು ಇಷ್ಟು. ಪಟ್ಟಿಯ ಹೊರಗ ಒಂದು ಲ್ಯಾಪ್‌ಟಾಪ್ ಬೇಕಾಗತೈತಿ, ಬಿಸಿಎ ಹುಡುಗಿಗೆ ಪ್ರಯೋಗಾಲಯದ ತಾಸು ಸಾಕಾಗೋದಿಲ್ಲ. 40,000 ಹಿಡಿದ್ರ 1,51,500.

ರೈತ: ನಾ 73,500 ಅಂದಿದ್ದೆ. ಎರಡು ಪಟ್ಟು ಆತಲ್ರಿ ಅಕ್ಕಾರ! ಹಂಗಾದ್ರ ನರ್ಸಿಂಗ್ ಏಳೆಂಟು ಲಕ್ಷ ಆಗತೈತಿ ಏನು?

ಅಕ್ಕಾರು: ಅವಸರ ಮಾಡಬ್ಯಾಡ್ರಿ. ಒಂದು ಪಟ್ಟಿ ದುಪ್ಪಟ್ಟಾತಂತ ಇನ್ನೊಂದೂ ದುಪ್ಪಟ್ಟಾಗೋದಿಲ್ಲ. ಇಲ್ಲೆ ಬೋಧನಾ ಶುಲ್ಕ ವರ್ಷದ್ದ ಐತಿ, 60,000 ನಾಕ್ಲೆ 2,40,000. ಆದ್ರ ಅದಕ್ಕೂ ಮೊದಲ ಒಂದು ಕೇಳ್ತೀನಿ. ಈ ಪಟ್ಟಿಯೊಳಗ ಮೂರು ಕಂಬ ಅದಾವ. ಸರ್ಕಾರಿ ಕೋಟಾ, ಆಡಳಿತ ಮಂಡಳಿ ಕೋಟಾ, ಹೊರರಾಜ್ಯದವರು. ಮಗಳು ಸಿಇಟಿ ಬರದಾಳ?

ರೈತ: ಬರದಾಳ್ರಿ. ರ‍್ಯಾಂಕ್ ಬಂದೈತಿ, ಸೀಟು ಇನ್ನೂ ಹಂಚಿಲ್ಲ.

ಅಕ್ಕಾರು: ಬಿಎಸ್ಸಿ ನರ್ಸಿಂಗಿಗೂ ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿ ಮುಖಾಂತರ ಸೀಟು ಕೊಡ್ತಾರ. ಅಲ್ಲೆ ಸರ್ಕಾರಿ ಕೋಟಾದ ಸೀಟು ಸಿಕ್ರ ಮೊದಲನೇ ಕಂಬದ ಅಂಕಿ, ಅದು ಭಾಳ ಕಡಿಮಿ ಇರತೈತಿ. ನೀವು ತಂದಿರೋ 98,000 ನಡುವಿನ ಕಂಬದ್ದು, ಆಡಳಿತ ಮಂಡಳಿ ಕೋಟಾದ್ದು. ಈ ಹಾಳಿಯ ಲೆಕ್ಕ ಎಲ್ಲಾ ಆ ಕಂಬದ ಮ್ಯಾಲೆ ಮಾಡ್ತೀನಿ, ಕೆಟ್ಟದ್ದಕ್ಕ ತಯಾರಿದ್ದಂಗ ಆಗತೈತಿ. ಸರ್ಕಾರಿ ಸೀಟು ಸಿಕ್ಕಿತಂದ್ರ ಬೋಧನಾ ಶುಲ್ಕದ ಸಾಲು ಒಂದನ್ನ ಅಳಿಸಿ ಬರೀರಿ. ಉಳಿದ ಸಾಲು ಹೆಚ್ಚೂ ಕಡಿಮಿ ಹಂಗ ಉಳೀತಾವ, ಅದನ್ನ ಮರೀಬ್ಯಾಡ್ರಿ. ಸರ್ಕಾರಿ ಸೀಟು ಅಂದ್ರ ಎಲ್ಲಾ ಪುಕ್ಕಟೆ ಅಂತ ತಿಳ್ಕೊಂಡು ಹಾಸ್ಟೆಲ್ ಬಿಲ್ಲು ನೋಡಿ ಗಾಬರಿ ಆದವರು ಅದಾರ.

ರೈತ: ಆತ್ರಿ. ಮುಂದ?

ಅಕ್ಕಾರು: ಪ್ರವೇಶ ಶುಲ್ಕ ಒಮ್ಮೆ, 5,000. ಆಸ್ಪತ್ರೆ ತರಬೇತಿ ಶುಲ್ಕ ವರ್ಷಕ್ಕ 8,000, ನಾಕ್ಲೆ 32,000. ಪ್ರಯೋಗಾಲಯ, ಗ್ರಂಥಾಲಯ ವರ್ಷಕ್ಕ 5,000, ನಾಕ್ಲೆ 20,000. ಸಮವಸ್ತ್ರ ಮತ್ತು ಕಿಟ್, ಒಮ್ಮೆ, 9,000. ವಿಶ್ವವಿದ್ಯಾಲಯದ ನೋಂದಣಿ ಮತ್ತು ಅರ್ಹತಾ ಶುಲ್ಕ, ಒಮ್ಮೆ, 6,000. ಈ ಅರ್ಹತಾ ಶುಲ್ಕ ಹೊರರಾಜ್ಯದಿಂದ, ಬ್ಯಾರೆ ಮಂಡಳಿಯಿಂದ ಬಂದವರಿಗೆ ಮಾತ್ರ ಐತೋ, ನಮ್ಮ ಪಿಯು ಮಂಡಳಿ ಹುಡುಗಿಗೂ ಐತೋ, ಅಲ್ಲೇ ಕೇಳ್ರಿ. ಠೇವಣಿ 5,000, ತಿರುಗಿ ಬರೋದು. ಇವೆಲ್ಲಾ ಕೂಡಿದ್ದಕ್ಕ 98,000. ಈಗ ಈ ಮೊತ್ತದ ಪಕ್ಕದಾಗ ಒಂದು ಚುಕ್ಕಿ ಗುರುತು ಹಾಕ್ಯಾರ, ಕಂಡಿತೇನು?

ರೈತ: ನಕ್ಷತ್ರದಂಥಾದ್ದು. ನಾ ಅಚ್ಚಿನ ತಪ್ಪು ಅಂದ್ಕೊಂಡಿದ್ದೆ.

ಅಕ್ಕಾರು: ಪುಟದ ಅಡಿಗೆ ಹೋಗ್ರಿ. ಅದ ಚುಕ್ಕಿ ಅಲ್ಲೆ ಮತ್ತ ಐತಿ. 'ಹಾಸ್ಟೆಲ್ ಮತ್ತು ಮೆಸ್ ಹೊರತುಪಡಿಸಿ. ಹಾಸ್ಟೆಲ್ ಕಡ್ಡಾಯ.' ಎರಡು ವಾಕ್ಯ ಅಷ್ಟ. ಹಾಸ್ಟೆಲಿನ ಅಂಕಿ ಮುಂದಿನ ಪುಟದಾಗ, ಹಾಸ್ಟೆಲ್ ಕಟ್ಟಡದ ಚಿತ್ರದ ಕೆಳಗ ಐತಿ. ವರ್ಷಕ್ಕ 42,000. ನಾಕ್ಲೆ 1,68,000.

ರೈತ: ಅಲ್ರಿ ಅಕ್ಕಾರ, ಬ್ಯಾಡಗಿಯಿಂದ ರಾಣೆಬೆನ್ನೂರು ಎಷ್ಟು ದೂರ? ಬಸ್ಸಿಗೆ ಹೋಗಿ ಬರ್ತಾಳ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಐತಲ್ಲ.

ಅಕ್ಕಾರು: ಶಕ್ತಿ ಯೋಜನೆ ಹೌದು, 2023ರ ಜೂನ್ 11ರಿಂದ ಐತಿ. ಹಾವೇರಿ ಬಿಸಿಎಕ್ಕ ಅದು ಪೂರಾ ಉಪಯೋಗ ಆಗತೈತಿ, ಸಾರಿಗೆ ಸಂಸ್ಥೆ ಬಸ್ಸಿನಾಗ ಆಕೀ ಖರ್ಚು ಸೊನ್ನೆ. ಅದಕ್ಕ ಹಾವೇರಿ ಪಟ್ಟಿಯ 'ಕಾಲೇಜ್ ಬಸ್, ಐಚ್ಛಿಕ' ಅನ್ನೋ ಸಾಲನ್ನ ನಾ ಬಿಟ್ಟೀನಿ. ನರ್ಸಿಂಗಿನಾಗ ಹಂಗಾಗೋದಿಲ್ಲ. ಅವರಿಗೆ ಆಸ್ಪತ್ರೆ ಪಾಳಿ ಇರತಾವ, ಮುಂಜಾನೆ ಲಗೂನ ಪಾಳಿಗೆ ನಿಂದರಬೇಕು, ಮುಂದಿನ ವರ್ಷಗಳಾಗ ರಾತ್ರಿ ಪಾಳಿನೂ ಬರತಾವ. ಕಡ್ಡಾಯ ಅನ್ನೋದಕ್ಕ ಕಾರಣ ಐತಿ. ಆದ್ರೂ ಕೇಳ್ರಿ, ನಾಕೂ ವರ್ಷ ಕಡ್ಡಾಯವೋ, ಮೊದಲ ವರ್ಷ ಅಷ್ಟ ಕಡ್ಡಾಯವೋ ಅಂತ. ಮತ್ತ 42,000 ಹತ್ತು ತಿಂಗಳದ್ದೋ ಹನ್ನೆರಡು ತಿಂಗಳದ್ದೋ ಅದನ್ನೂ ಕೇಳ್ರಿ.

ರೈತ: ಊಟದ ರೊಕ್ಕ ಮನ್ಯಾಗಿದ್ರೂ ಆಗತೈತಲ್ರಿ. ಅದನ್ನ ನರ್ಸಿಂಗಿನ ಮ್ಯಾಲೆ ಹೊರಿಸಿದ್ರ ನ್ಯಾಯ ಅಲ್ಲ.

ಅಕ್ಕಾರು: ಭಾಳ ಸರಿಯಾದ ಮಾತು. ಮನ್ಯಾಗ ಆಕೀ ಊಟಕ್ಕ ತಿಂಗಳಿಗೆ 2,000 ಹಿಡಿದ್ರ, ಹತ್ತು ತಿಂಗಳಿಗೆ 20,000. ಹಾಸ್ಟೆಲಿನಿಂದ ಹೆಚ್ಚಾಗೋದು ವರ್ಷಕ್ಕ 22,000 ಅಷ್ಟ. ಆದ್ರ ಮನೀ ಜ್ವಾಳ, ಮನೀ ಹಾಲು ನಿಮ್ಮ ಕಿಸೆಯಿಂದ ರೊಕ್ಕ ತೆಗಸೋದಿಲ್ಲ, ಹಾಸ್ಟೆಲ್ ತೆಗಸತೈತಿ. ಅದಕ್ಕ ಕಟ್ಟೋ ಲೆಕ್ಕದಾಗ 42,000 ಪೂರಾ ಇಡ್ತೀನಿ, ಪಕ್ಕದಾಗ ಒಂದು ಟಿಪ್ಪಣಿ ಬರೀತೀನಿ. ಪರೀಕ್ಷಾ ಶುಲ್ಕ ಇಲ್ಲೂ ಅಂಕಿ ಇಲ್ಲದ ಸಾಲು. ಸೆಮಿಸ್ಟರಿಗೆ 3,000 ಹಿಡಿದ್ರ ಎಂಟ್ಲೆ 24,000. ಎಲ್ಲಾ ಕೂಡಿಸಿದ್ರ, ಠೇವಣಿ ಬಿಟ್ಟು, 5,04,000.

ರೈತ: 3,92,000 ಎಲ್ಲಿ, 5,04,000 ಎಲ್ಲಿ. ಎಲ್ಲೆಲ್ಲಿ ತಪ್ಪಿತು ಅಂತ ಒಮ್ಮೆ ಹೇಳ್ರಿ, ಮಗಳಿಗೆ ನಾ ತಿಳಿಸಿ ಹೇಳಬೇಕು.

ಅಕ್ಕಾರು: ನೋಡ್ರಿ, ಪ್ರವೇಶ, ಕಿಟ್, ನೋಂದಣಿ, ಠೇವಣಿ, ಇವು ನಾಕೂ ಒಮ್ಮೆ ಕಟ್ಟೋವು. ಒಟ್ಟು 25,000. ನೀವು ನಾಕ್ಲೆ ಗುಣಿಸಿದ್ದಕ್ಕ ಮೂರು ಸಲ ಹೆಚ್ಚು ಎಣಿಸಿದಂಗಾತು, 75,000. ತಿರುಗಿ ಬರೋ ಠೇವಣಿ 5,000ನ್ನೂ ಖರ್ಚಿಗೆ ಸೇರಿಸಿದ್ರಿ. ಹಿಂಗ 80,000 ಜಾಸ್ತಿ ಹಿಡಿದ್ರಿ. ಅತ್ತ ಹಾಸ್ಟೆಲ್ 1,68,000, ಪರೀಕ್ಷೆ 24,000 ಬಿಟ್ರಿ. 3,92,000ದಾಗ 80,000 ಕಳೆದು, 1,92,000 ಕೂಡಿಸ್ರಿ.

ರೈತ: 3,12,000... ಕೂಡಿಸಿದ್ರ 5,04,000. ಹೊಂದತು.

ಅಕ್ಕಾರು: ಹಂಗ ಹೊಂದಿಸಿ ನೋಡೋದು ಒಳ್ಳೇದು. ಲೆಕ್ಕ ಬ್ಯಾರೆ ಬಂದಾಗ ಎರಡೂ ಮೊತ್ತದ ನಡುವಿನ ಅಂತರ ಯಾವ ಸಾಲಿನಿಂದ ಬಂತು ಅಂತ ಹೇಳಾಕ ಬಂದ್ರ ಮಾತ್ರ ಹೊಸ ಲೆಕ್ಕ ಸರಿ ಅಂತ ನಂಬಬೇಕು. ಬಿಸಿಎಕ್ಕೂ ಹಂಗ ಮಾಡ್ರಿ. ಒಮ್ಮೆ ಕಟ್ಟೋವು ಪ್ರವೇಶ, ನೋಂದಣಿ, ಠೇವಣಿ, ಒಟ್ಟು 6,500. ಎರಡು ಸಲ ಹೆಚ್ಚು ಎಣಿಸಿದ್ದು 13,000, ಠೇವಣಿ 3,000, ಒಟ್ಟು 16,000 ಕಳೀರಿ. 57,500. ಬಿಟ್ಟ ಮೂರು ಸೆಮಿಸ್ಟರಿನ ಬೋಧನಾ ಶುಲ್ಕ 42,000, ಪರೀಕ್ಷೆ 12,000 ಕೂಡಿಸ್ರಿ. 1,11,500. ಲ್ಯಾಪ್‌ಟಾಪ್ ಬ್ಯಾರೆ.

ರೈತ: ತಿಳೀತ್ರಿ. ಈಗ ಒಂದು ಗುಟ್ಟಿನ ಮಾತು. ರಾಣೆಬೆನ್ನೂರಿನ ಪೈಕಿ ಒಬ್ಬಾತ ಬಂದಿದ್ದ, ಕಾಲೇಜಿನವನಲ್ಲ, ನಡುವಿನವ. ಎಲ್ಲಾ ಸೇರಿ ನಾಕು ವರ್ಷಕ್ಕ ನಾಕೂವರಿ ಲಕ್ಷ ಪ್ಯಾಕೇಜ್, ಒಮ್ಮೆಲೆ ಕೊಟ್ಟುಬಿಡ್ರಿ ಅಂದ. ನಿಮ್ಮ ಐದು ಲಕ್ಷಕ್ಕಿಂತ ಅದು ಕಡಿಮಿ ಆತಲ್ಲ?

ಅಕ್ಕಾರು: ಬ್ಯಾಡ್ರಿ ಅಣ್ಣಾರ. ಮೊದಲನೇದು, ಆ 'ಎಲ್ಲಾ' ಅನ್ನೋದರಾಗ ಏನೇನು ಸೇರೈತಿ ಅಂತ ಆತ ಬರದು ಕೊಡೋದಿಲ್ಲ. ಪರೀಕ್ಷಾ ಶುಲ್ಕ, ಕಿಟ್, ಹಾಸ್ಟೆಲ್ ಆಮ್ಯಾಲೆ ಬ್ಯಾರೆ ಬರತಾವ. ಈ ಹಾಳಿ ಮುಂದಿಟ್ಟು ಒಂದೊಂದ ಸಾಲಿಗೆ ಹೌದೋ ಅಲ್ಲೋ ಅಂತ ಗುರುತು ಹಾಕು ಅನ್ರಿ, ಆಗ ತಿಳೀತೈತಿ. ಎರಡನೇದು, ನಾಕು ವರ್ಷದ ರೊಕ್ಕ ಮುಂಗಡ ಕೇಳೋದ ತಪ್ಪು. ಇಸ್ಲಾಮಿಕ್ ಅಕಾಡೆಮಿ ಪ್ರಕರಣದಾಗ 2003ರಲ್ಲಿ ಸುಪ್ರೀಂ ಕೋರ್ಟು ಹೇಳೈತಿ, ಒಂದು ಸೆಮಿಸ್ಟರ್ ಇಲ್ಲಾ ಒಂದು ವರ್ಷದ ಶುಲ್ಕಕ್ಕಿಂತ ಹೆಚ್ಚು ಮುಂಗಡ ತಗೊಳ್ಳೋ ಹಂಗಿಲ್ಲ ಅಂತ. ಅಚ್ಚಾದ ಪಟ್ಟಿಯ ಹೊರಗ, ರಸೀದಿ ಇಲ್ಲದ ವಂತಿಗೆ ಕೇಳಿದ್ರ ಅದಕ್ಕ ನಮ್ಮ ರಾಜ್ಯದಾಗ 1984ರ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ ಐತಿ. ಮಗಳು ಎರಡನೇ ತಿಂಗಳಿಗೆ ರಕ್ತ ನೋಡಿ ನನ್ನಿಂದಾಗೋದಿಲ್ಲ ಅಂದ್ಲು ಅಂತ ಹಿಡೀರಿ. ನಡುವಿನವನ ಕೈಗೆ ಕೊಟ್ಟ ರೊಕ್ಕ ಯಾರನ್ನ ಕೇಳ್ತೀರಿ?

ರೈತ: ಕಾಲೇಜಿಗೆ ಕಟ್ಟಿದ್ರೂ ಬರೋದಿಲ್ಲ ಅಂತ ಇಲ್ಲೇ ಬರದಾರಂತ. 'ಒಮ್ಮೆ ಕಟ್ಟಿದ ಶುಲ್ಕ ಮರಳಿಸಲಾಗುವುದಿಲ್ಲ' ಅಂತ ಮಗಳು ಓದಿದ್ಲು.

ಅಕ್ಕಾರು: ಬರದಾರ. ಬರದದ್ದೆಲ್ಲಾ ನಡೀತೈತಿ ಅಂತಲ್ಲ. ಯುಜಿಸಿ 2018ರ ಅಕ್ಟೋಬರದಾಗ ನಿಯಮ ಮಾಡೈತಿ. ಪ್ರವೇಶದ ಕೊನೇ ದಿನ ಅಂತ ಒಂದು ತಾರೀಖು ಘೋಷಿಸಿರ್ತಾರಲ್ಲ, ಅದಕ್ಕ 15 ದಿನ ಇಲ್ಲಾ ಅದಕ್ಕೂ ಮೊದಲ ಬಿಟ್ರ ಪೂರಾ ರೊಕ್ಕ, ಸಣ್ಣ ಖರ್ಚು ಹಿಡಕೊಂಡು. 15 ದಿನದ ಒಳಗ ಬಿಟ್ರ ನೂರಕ್ಕ 90. ಕೊನೇ ದಿನ ದಾಟಿ 15 ದಿನದೊಳಗ 80, ತಿಂಗಳೊಳಗ 50. ತಿಂಗಳು ದಾಟಿದ್ರ ಏನೂ ಇಲ್ಲ, ಠೇವಣಿ ಮಾತ್ರ ಪೂರಾ ಬರಬೇಕು. ಕೆಲವು ವರ್ಷ ಯುಜಿಸಿ ಇದಕ್ಕಿಂತ ಸಡಿಲ ತಾರೀಖನ್ನೂ ಕೊಟ್ಟೈತಿ. ಸಿಇಟಿ ಸೀಟು ತಗೊಂಡು ಬಿಟ್ರ ಮಾತ್ರ ಪರೀಕ್ಷಾ ಪ್ರಾಧಿಕಾರದ ನಿಯಮ ಬ್ಯಾರೆ, ತಾರೀಖೂ ಬ್ಯಾರೆ. ಅದಕ್ಕ ಎರಡು ತಾರೀಖೂ ಈ ಹಾಳಿ ಮ್ಯಾಲೆ ಕೆಂಪು ಶಾಯಿಲೆ ಬರೀತೀನಿ. ಮತ್ತ ಮಗಳ ಮೂಲ ಅಂಕಪಟ್ಟಿ ಒತ್ತೆ ಇಟ್ಕೊಳ್ಳೋ ಹಂಗಿಲ್ಲ, ಅದೂ ಆ ನಿಯಮದಾಗ ಐತಿ. ತೋರಿಸಿ, ನಕಲು ಕೊಟ್ಟು, ಮೂಲ ತಿರುಗಿ ತಗೊಳ್ರಿ.

ರೈತ: ಇನ್ನ ಈ ಕೊನೇ ಸಾಲು ಏನ್ರಿ? 'ಸಬ್ಜೆಕ್ಟ್ ಟು ರಿವಿಜನ್' ಅಂತ.

ಅಕ್ಕಾರು: ಶುಲ್ಕ ಬದಲಾಗಬಹುದು ಅಂತ. ಎರಡನೇ ವರ್ಷ 60,000 ಇದ್ದದ್ದು 63,000 ಆಗಬಹುದು. ವರ್ಷಕ್ಕ ನೂರಕ್ಕ ಐದರಂಗ ಏರಿದ್ರ ಬೋಧನಾ ಶುಲ್ಕ ಒಂದ ನಾಕು ವರ್ಷಕ್ಕ 2,40,000 ಬದಲು ಹತ್ತತ್ತಿರ 2,58,600 ಆಗತೈತಿ. ಏರತೈತೋ ಇಲ್ಲೋ ಅನ್ನೋದನ್ನ ಪ್ರಾಸ್ಪೆಕ್ಟಸ್ ಹೇಳೋದಿಲ್ಲ. ಈಗ ಮೂರನೇ ವರ್ಷದಾಗಿರೋ ಹುಡುಗಿಯ ಮೂರೂ ವರ್ಷದ ರಸೀದಿ ಹೇಳತಾವ. ಹೊಸಬರಿಗೆ ಮಾತ್ರ ಏರಿಸ್ತಾರೋ, ಹಳಬರಿಗೂ ಏರಿಸ್ತಾರೋ ಅದರಿಂದ ತಿಳೀತೈತಿ. ಅದನ್ನ ನೋಡದ ನಾ ಅಂಕಿ ಬರಿಯೋದಿಲ್ಲ, 18,600 ಬ್ಯಾರೆ ತೆಗೆದಿಡ್ರಿ ಅಂತ ಅಷ್ಟ ಹೇಳ್ತೀನಿ.

ರೈತ: ವಿದ್ಯಾರ್ಥಿವೇತನ ಬರತೈತಲ್ರಿ? ರೈತರ ಮಕ್ಕಳಿಗೆ ಅಂತ ಬೊಮ್ಮಾಯಿಯವರು ಮಾಡಿದ್ರಲ್ಲ.

ಅಕ್ಕಾರು: ರೈತ ವಿದ್ಯಾನಿಧಿ, 2021ರಾಗ ಶುರುವಾತು. ಆಗ ಗೊತ್ತುಪಡಿಸಿದ ದರದ ಪ್ರಕಾರ ನರ್ಸಿಂಗ್ ಓದೋ ಹುಡುಗಿಗೆ ವರ್ಷಕ್ಕ 8,000, ಸಾದಾ ಪದವಿ ಓದೋ ಹುಡುಗಿಗೆ 5,500. ಬಿಸಿಎಯನ್ನ ಯಾವ ಗುಂಪಿಗೆ ಹಾಕ್ತಾರ, ಈ ವರ್ಷ ಅರ್ಜಿ ಕರದಾರೋ ಇಲ್ಲೋ ಅಂತ ರೈತ ಸಂಪರ್ಕ ಕೇಂದ್ರದಾಗ ಕೇಳ್ರಿ. ನಿಮ್ಮ ಎಫ್‌ಐಡಿ ಸಂಖ್ಯೆ ಬೇಕಾಗತೈತಿ. ಹಿಂದುಳಿದ ವರ್ಗದವರಾದ್ರ ಶುಲ್ಕ ವಿನಾಯಿತಿನೂ ಐತಿ, ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಾಗ ಅರ್ಜಿ, ಜಾತಿ-ಆದಾಯ ಪ್ರಮಾಣಪತ್ರ ಚಾಲ್ತಿಯಾಗಿರಬೇಕು. ಆದ್ರ ಇದನ್ನ ಮೊತ್ತದಾಗ ಕಳಿಯೋದಿಲ್ಲ ನಾನು. ಯಾಕಂದ್ರ ಕಾಲೇಜು ಕೇಳೋದು ಜುಲೈ-ಆಗಸ್ಟಿನಾಗ, ವಿದ್ಯಾರ್ಥಿವೇತನ ಆಧಾರ್ ಜೋಡಿಸಿದ ಖಾತೆಗೆ ಬೀಳೋದು ಎಷ್ಟೋ ತಿಂಗಳ ಮ್ಯಾಲೆ. ಬಂದಾಗ ಬರಲಿ, ಮುಂದಿನ ಕಂತಿಗೆ ಆಗತೈತಿ.

ರೈತ: ನನ್ನ ತ್ರಾಸೂ ಅದ ಅಕ್ಕಾರ. ಮೆಣಸಿನಕಾಯಿ ರೊಕ್ಕ ಕೈಗೆ ಬರೋದು ಜನೇವರಿಯಿಂದ ಮಾರ್ಚಿ ತನಕ. ಜುಲೈದಾಗ ಬೀಜ, ಗೊಬ್ಬರ, ಆಳು ಅಂತ ಇದ್ದದ್ದೂ ಹೊಲಕ್ಕ ಹೋಗಿರತೈತಿ.

ಅಕ್ಕಾರು: ಹಂಗಿದ್ರ ಈ ಹಾಳಿ ಹಿಂದ ಇನ್ನೊಂದು ಲೆಕ್ಕ ಹಾಕೋಣ, ಯಾವ ವರ್ಷ ಎಷ್ಟು ಅಂತ. ನನ್ನ ಮಟ್ಟಿಗೆ ನಿಮಗ ಒಟ್ಟು ಮೊತ್ತಕ್ಕಿಂತ ಇದ ಮುಖ್ಯ. ನರ್ಸಿಂಗಿಗೆ ಸೇರೋ ದಿನ 98,000 ಮತ್ತ ಹಾಸ್ಟೆಲ್ 42,000, ಒಟ್ಟು 1,40,000 ಬೇಕು. ಆ ವರ್ಷದ ಪರೀಕ್ಷೆ ಎರಡು ಸಲ ಸೇರಿ 6,000. ಮೊದಲ ವರ್ಷ 1,46,000. ಆಮ್ಯಾಲೆ ಮೂರು ವರ್ಷ, ವರ್ಷಕ್ಕ 1,21,000. ಬಿಸಿಎಕ್ಕ ಸೇರೋ ದಿನ 24,500 ಅಷ್ಟ. ಎರಡನೇ ಸೆಮಿಸ್ಟರಿನ 14,000 ಕಟ್ಟೋ ಹೊತ್ತಿಗೆ ನಿಮ್ಮ ಮೊದಲ ಕೊಯ್ಲಿನ ಕಾಯಿ ಮಾರುಕಟ್ಟೆಗೆ ಬಂದಿರತೈತಿ. ಮೊದಲ ವರ್ಷ ಎಲ್ಲಾ ಸೇರಿ 42,500, ಮುಂದಿನ ಎರಡು ವರ್ಷ ವರ್ಷಕ್ಕ 36,000. ಲ್ಯಾಪ್‌ಟಾಪನ್ನ ಫೆಬ್ರವರಿಗೆ ತಗೊಂಡ್ರೂ ನಡೀತೈತಿ.

ರೈತ: ಹಂಗ ನೋಡಿದ್ರ ಜುಲೈದಾಗ ನರ್ಸಿಂಗಿಗೆ ಸಾಲ ಮಾಡದ ದಾರಿ ಇಲ್ಲ.

ಅಕ್ಕಾರು: ಕೈಗಡ ತರಬ್ಯಾಡ್ರಿ. ಬಡ್ಡಿ ಬಿದ್ರ ಅದೂ ಕೋರ್ಸಿನ ಖರ್ಚ. ಮೊದಲ ಕಚೇರ್ಯಾಗ ಕಂತು ಕೇಳ್ರಿ. ಬೋಧನಾ ಶುಲ್ಕದ ಅರ್ಧ ಈಗ, ಅರ್ಧ ಜನೇವರಿಯಾಗ ಕಟ್ಟತೀನಿ ಅಂತ. ಬಾಯಿಮಾತಿಗೆ ಬಿಡಬ್ಯಾಡ್ರಿ, ಅರ್ಜಿ ಬರದು ಮುದ್ರೆ ಹಾಕಿಸ್ಕೊಳ್ರಿ, ಇಲ್ಲಾಂದ್ರ ತಡವಾದ್ದಕ್ಕ ದಿನದ ದಂಡ ಹಾಕ್ತಾರ. ಒಪ್ಪಿದ್ರ ಸೇರೋ ದಿನ 1,10,000 ಸಾಕು. ಒಪ್ಪದಿದ್ರ ಬ್ಯಾಂಕಿನ ಶಿಕ್ಷಣ ಸಾಲ. ಏಳೂವರಿ ಲಕ್ಷದ ತನಕ ಸಾಮಾನ್ಯವಾಗಿ ಆಸ್ತಿ ಅಡವು ಕೇಳೋದಿಲ್ಲ, ಕೋರ್ಸು ಮುಗಿದು ಒಂದು ವರ್ಷದ ತನಕ ಕಂತು ಶುರುವಾಗೋದಿಲ್ಲ. ಬ್ಯಾಂಕಿನವರು ಕೇಳೋ ಕಾಗದದಾಗ ಕಾಲೇಜಿನ ಶುಲ್ಕ ರಚನೆ ಪತ್ರ ಒಂದು. ಅದನ್ನ ತಗೊಳ್ಳುವಾಗ ನಾಕೂ ವರ್ಷದ್ದು, ಹಾಸ್ಟೆಲ್ ಸೇರಿಸಿ, ವರ್ಷವಾರು ಬರಸ್ಕೊಳ್ರಿ. ಮೊದಲ ವರ್ಷದ್ದಷ್ಟ ಬರದು ಕೊಟ್ರ ಸಾಲದ ಮಂಜೂರಿನೂ ಅಷ್ಟಕ್ಕ ನಿಂದರತೈತಿ.

ರೈತ: ಖರ್ಚು ನೋಡಿದ್ರ ಬಿಸಿಎನ ಸೈ ಅನ್ನಸತೈತಿ ನನಗ.

ಅಕ್ಕಾರು: ಖರ್ಚು ಅಷ್ಟ ನೋಡಿದ್ರ ಹೌದು. ಈ ಹಾಳಿ ಖರ್ಚು ಹೇಳತೈತಿ, ಬ್ಯಾರೆ ಏನೂ ಹೇಳೋದಿಲ್ಲ. ನರ್ಸಿಂಗ್ ಮುಗಿಸಿ ನೋಂದಣಿ ಮಾಡಿಸಿದಾಕಿ ನೇರ ಕೆಲಸಕ್ಕ ಅರ್ಜಿ ಹಾಕಬಹುದು. ಬಿಸಿಎ ಮುಗಿಸಿದವರು ಭಾಳ ಮಂದಿ ಎಂಸಿಎಗೆ ಹೋಗ್ತಾರ, ಅದು ಮತ್ತ ಎರಡು ವರ್ಷ. ಆಕೀ ಎಂಸಿಎ ಮಾಡ್ತೀನಿ ಅಂದ್ರ ಮೂರು ವರ್ಷದ 1,51,500ನ್ನ ನಾಕು ವರ್ಷದ 5,04,000ರ ಪಕ್ಕ ಇಡೋದ ತಪ್ಪಾಗತೈತಿ, ಐದು ವರ್ಷದ ಲೆಕ್ಕ ಇಡಬೇಕು. ಅದಕ್ಕ ಮಗಳನ್ನ ಒಂದು ಮಾತು ಕೇಳ್ಕೊಂಡು ಬರ್ರಿ, ಬಿಸಿಎ ಆದ ಮ್ಯಾಲೆ ಓದು ನಿಲ್ಲಸ್ತಾಳೋ ಮುಂದುವರಸ್ತಾಳೋ ಅಂತ. ಮುಂದುವರಸ್ತಾಳ ಅಂದ್ರ ಎಂಸಿಎ ಪಟ್ಟಿನೂ ತರ್ರಿ, ಹಿಂಗ ಬರದು ಇದರ ಕೆಳಗ ಅಂಟಸ್ತೀನಿ.

ರೈತ: ನಾಳೆ ಹಾವೇರಿಗೂ ರಾಣೆಬೆನ್ನೂರಿಗೂ ಹೋಗಿ ಬರ್ತೀನಿ. ಕೇಳೋದು ಎಲ್ಲಾ ನೆನಪಿರೋದಿಲ್ಲ, ಬರದು ಕೊಡ್ರಿ.

ಅಕ್ಕಾರು: ಬರದೀನಿ ನೋಡ್ರಿ. ರಾಣೆಬೆನ್ನೂರಿಗೆ ನಾಕು. ಹಾಸ್ಟೆಲ್ ಎಷ್ಟು ವರ್ಷ ಕಡ್ಡಾಯ, ಎಷ್ಟು ತಿಂಗಳ ರೊಕ್ಕ. ಅರ್ಹತಾ ಶುಲ್ಕ ನಮ್ಮ ಹುಡುಗಿಗೆ ಐತೋ. ಬೋಧನಾ ಶುಲ್ಕಕ್ಕ ಕಂತು ಕೊಡ್ತೀರೋ. ಹಳೆ ವಿದ್ಯಾರ್ಥಿಗಳಿಗೆ ವರ್ಷಾವರ್ಷ ಏರಸ್ತೀರೋ. ಹಾವೇರಿಗೆ ಎರಡ. ಕೋರ್ಸು ಮೂರ ವರ್ಷ ಹೌದಲ್ಲೋ, ಪರೀಕ್ಷಾ ಶುಲ್ಕ ಹೋದ ಸೆಮಿಸ್ಟರಿಗೆ ಎಷ್ಟಿತ್ತು. ಪ್ರತಿ ಪ್ರಶ್ನೆ ಕೆಳಗ ಜಾಗ ಬಿಟ್ಟೀನಿ, ಉತ್ತರವನ್ನ ಕಚೇರಿಯ ಗುಮಾಸ್ತರ ಕೈಲೆ ಬರಸ್ಕೊಳ್ರಿ. ಮಗಳನ್ನೂ ಕರಕೊಂಡು ಹೋಗ್ರಿ, ರಸೀದಿ ತೋರಿಸ್ರಿ ಅಂತ ಅಲ್ಲಿಯ ಹುಡುಗಿಯರನ್ನ ಆಕೀನ ಕೇಳಲಿ.